ಧ್ವನಿ ಹೋದ ವಿಡಿಯೊ ಓದುವ ಬಗೆ

ವಿಡಿಯೊದ ಧ್ವನಿ ಹೋಗಿದೆ ಎಂದು ಗೊತ್ತಾದಾಗ ಗಮನಿಸಬೇಕಾದದ್ದು ಅದು ಎಲ್ಲಿಂದ ಹೋಯಿತು, ಎಲ್ಲಿಗೆ ಮರಳಿ ಬಂತು ಎಂಬುದನ್ನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹುಡುಗರು ನೀವು ಜಾತ್ರೆ, ಮದುವೆ, ಭಜನೆ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಹಾಕುತ್ತೀರಿ. ಮರುದಿನ ಬಂದು, "ಕಾಕಾ, ವಿಡಿಯೊದಾಗ ಧ್ವನಿ ಹೋಗ್ಯಾದ, ಮೊಬೈಲ್ ಕೆಟ್ಟದೇನು?" ಎಂದು ಕೇಳುತ್ತೀರಿ. ಕೆಲವರು ಹೆದರಿ ಅಲ್ಲೇ ಡಿಲೀಟ್ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಧ್ವನಿ ಹೋದ ವಿಡಿಯೊ ಕಣ್ಣ ಮುಂದೆ ಇರುವಾಗಲೇ ಅದರಿಂದ ತಿಳಿದುಕೊಳ್ಳುವುದು ಬಹಳ ಇದೆ. ಡಿಲೀಟ್ ಆದ ಮೇಲೆ ಫೇಸ್‌ಬುಕ್, ಯೂಟ್ಯೂಬ್ ಕಳಿಸಿದ ಸೂಚನೆಯಲ್ಲಿದ್ದ ಹಾಡಿನ ಹೆಸರೂ ಕೈಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಮೊಬೈಲಿನ ಗ್ಯಾಲರಿಯಲ್ಲಿರುವ ಮೂಲ ಫೈಲನ್ನು ಹಚ್ಚಿ ಕೇಳು. ಅದರಲ್ಲೂ ಧ್ವನಿ ಇಲ್ಲದಿದ್ದರೆ ಹಾಡಿನ ಕಂಪನಿಗೂ ನಿನಗೂ ಏನೂ ಸಂಬಂಧವಿಲ್ಲ. ಎಡಿಟಿಂಗ್ ಆ್ಯಪ್‌ನಲ್ಲಿ ಕ್ಲಿಪ್ಪಿನ ವಾಲ್ಯೂಮ್ ಸೊನ್ನೆಯಾಗಿದ್ದಿರಬಹುದು, ಇಲ್ಲವೆ ಕಾಲರ್ ಮೈಕ್ ಆನ್ ಆಗಿರಲಿಕ್ಕಿಲ್ಲ. ಮೂಲ ಫೈಲಿನಲ್ಲಿ ಧ್ವನಿ ಇದ್ದು, ಅಪ್‌ಲೋಡ್ ಆದದ್ದರಲ್ಲಿ ಇಲ್ಲದಿದ್ದರೆ ಮಾತ್ರ ಹಾಡಿನ ಹಕ್ಕಿನ ಕ್ಲೇಮ್ ಬಂದಿರಬಹುದೆಂಬ ಅನುಮಾನ ಶುರುವಾಗಬೇಕು.

ಇಲ್ಲಿ ಇನ್ನೊಂದು ಮೋಸವಿದೆ, ನಮ್ಮ ಕಡೆ ಆಗಾಗ ಆಗುವಂಥದ್ದು. ಜಾತ್ರೆಯಲ್ಲಿ ಮೈಕ್‌ಸೆಟ್‌ನವರ ಮಿಕ್ಸರಿನಿಂದ ನೇರ ವೈರ್ ತೆಗೆದು ಕ್ಯಾಮೆರಾಕ್ಕೆ ಕೊಡುತ್ತೀರಿ. ವೈರ್ ಅದಕ್ಕೆ ತಕ್ಕದ್ದಾಗಿರದಿದ್ದರೆ ಎಡಗಡೆಯ ಧ್ವನಿ ಒಂದು ಕಡೆಗೆ ತಳ್ಳಿದರೆ ಬಲಗಡೆಯದು ಸರಿಯಾಗಿ ಅದರ ವಿರುದ್ಧ ತಳ್ಳುತ್ತದೆ. ಇಯರ್‌ಫೋನ್ ಹಾಕಿದರೆ ಎರಡೂ ಕೇಳುತ್ತವೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎರಡೂ ಕೂಡಿದಾಗ ಒಂದನ್ನೊಂದು ಅಳಿಸಿಹಾಕಿ, ಮಾತಾಡುವವರ ಬಾಯಿ ಅಲ್ಲಾಡಿದರೂ ಧ್ವನಿ ಬರುವುದಿಲ್ಲ. ನೋಡಿದವರು "ಮ್ಯೂಟ್ ಆಗ್ಯದ" ಎನ್ನುತ್ತಾರೆ. ಆದ್ದರಿಂದ ಒಮ್ಮೆ ಇಯರ್‌ಫೋನಿನಲ್ಲೂ ಕೇಳು. ಅದರಲ್ಲಿ ಧ್ವನಿ ಬಂದರೆ ಅದು ವೈರಿನ ತಪ್ಪು. ಎಡಿಟಿಂಗ್‌ನಲ್ಲಿ ಎಡ ಬಲಗಳಲ್ಲಿ ಒಂದನ್ನೇ ಇಟ್ಟು ಅದನ್ನೇ ಎರಡೂ ಕಡೆ ಹಾಕಿದರೆ ಸರಿಹೋಗುತ್ತದೆ.

ಈ ಎರಡನ್ನೂ ನೋಡಿಯಾದ ಮೇಲೆ ಧ್ವನಿ ಹೋದ ಜಾಗದ ಅಂಚುಗಳಿಗೆ ಕಿವಿಗೊಡು. ಮೈಕ್ ಕೈಕೊಟ್ಟರೆ ಗರಗರ ಶಬ್ದ ಬರುತ್ತದೆ, ಧ್ವನಿ ಬಂದು ಹೋಗಿ ಮಾಡುತ್ತದೆ, ಗಾಳಿಯ ಸದ್ದು ಉಳಿದಿರುತ್ತದೆ. ಕ್ಲೇಮಿನಿಂದ ಮ್ಯೂಟ್ ಆದ ಕಡೆ ಅಂಥದ್ದೇನೂ ಇರುವುದಿಲ್ಲ. ಒಂದು ಸೆಕೆಂಡಿನಲ್ಲಿ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ, ಹಾಡು, ಹಲಗಿ, ಮಂದಿಯ ಮಾತು, ಕೂಸಿನ ಅಳು, ಎಲ್ಲ. ಕೆಲ ನಿಮಿಷ ಬಿಟ್ಟು ಅಷ್ಟೇ ಥಟ್ಟನೆ ಎಲ್ಲವೂ ಮರಳುತ್ತದೆ. ಚಿತ್ರ ಮಾತ್ರ ತಡೆಯಿಲ್ಲದೆ ಓಡುತ್ತಲೇ ಇರುತ್ತದೆ. ಮೂಲ ಫೈಲನ್ನು ಪಕ್ಕದಲ್ಲಿ ಹಚ್ಚಿ ಅದೇ ನಿಮಿಷಕ್ಕೆ ಹೋಗಿ ನೋಡು. ಅಲ್ಲಿ ಲೌಡ್‌ಸ್ಪೀಕರಿನಲ್ಲಿ ಸಿನಿಮಾ ಹಾಡೋ ಕ್ಯಾಸೆಟ್ಟಿನ ಭಕ್ತಿಗೀತೆಯೋ ಶುರುವಾಗಿದ್ದರೆ ಗುರುತು ಸಿಕ್ಕಿತು.

ಕೊನೆಯ ಗುರುತು ಬರಹದ ಸೂಚನೆ. ಫೇಸ್‌ಬುಕ್‌ನಲ್ಲಾದರೆ ಗಂಟೆಯ ಚಿಹ್ನೆಯಲ್ಲಿ, ಇಲ್ಲವೆ Support Inboxನಲ್ಲಿ, ವಿಡಿಯೊದಲ್ಲಿ ಬೇರೆಯವರ ಸಂಗೀತ ಇರಬಹುದಾದ್ದರಿಂದ ಭಾಗಶಃ ಮ್ಯೂಟ್ ಮಾಡಲಾಗಿದೆ ಎನ್ನುವ ಅರ್ಥದ ಸಂದೇಶ ಬಂದಿರುತ್ತದೆ. ಲೈವ್ ನಡೆದಿರುವಾಗಲೇ ಎಚ್ಚರಿಕೆ ಬರುವುದೂ ಉಂಟು. ತೇರಿನ ಗದ್ದಲದಲ್ಲಿ ಯಾರೂ ಪರದೆಯ ಕಡೆ ನೋಡಿರುವುದಿಲ್ಲ, ಅಷ್ಟೇ. ಯೂಟ್ಯೂಬ್‌ನಲ್ಲಾದರೆ YouTube Studio ತೆರೆದು Content ಪಟ್ಟಿಗೆ ಹೋಗು. ವಿಡಿಯೊದ ಎದುರು Restrictions ಎಂಬಲ್ಲಿ Copyright ಎಂದಿದ್ದರೆ ಕ್ಲೇಮ್ ಇದೆ. ಅದನ್ನು ಒತ್ತಿದರೆ ಹಾಡಿನ ಹೆಸರು, ಹಕ್ಕು ಹೇಳಿದವರ ಹೆಸರು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂಬುದು ಸಿಗುತ್ತದೆ. ಈ ಸೂಚನೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊ. ಮುಂದಿನ ಮಾತೆಲ್ಲ ಅದರ ಮೇಲೆಯೇ ನಡೆಯಬೇಕು.

ಯೂಟ್ಯೂಬಿಗೂ ಫೇಸ್‌ಬುಕ್ಕಿಗೂ ಇರುವ ಒಂದು ವ್ಯತ್ಯಾಸ ತಿಳಿಯದೆ ಬಹಳ ಮಂದಿ ಗೊಂದಲ ಮಾಡಿಕೊಳ್ಳುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಧ್ವನಿ ತೆಗೆಯುವುದನ್ನು ಆ ತಾಣದವರೇ ಮಾಡುತ್ತಾರೆ. ಯೂಟ್ಯೂಬಿನಲ್ಲಿ 2007ರಿಂದ ಇರುವ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಹಾಡಿನ ಒಡೆಯರಿಗೆ ಮುಖ್ಯವಾಗಿ ಮೂರು ದಾರಿ ಕೊಡುತ್ತದೆ. ವಿಡಿಯೊ ಕಾಣದಂತೆ ತಡೆಯಬಹುದು, ಅದರ ಮೇಲೆ ಜಾಹೀರಾತು ಹಾಕಿ ಹಣ ತೆಗೆದುಕೊಳ್ಳಬಹುದು, ಇಲ್ಲವೆ ಎಷ್ಟು ಮಂದಿ ನೋಡಿದರೆಂದು ಲೆಕ್ಕ ಇಟ್ಟು ಸುಮ್ಮನಿರಬಹುದು. ಅಲ್ಲಿ ಉದ್ದದ ವಿಡಿಯೊ ಒಂದರ ನಡುವೆ ಮ್ಯೂಟ್ ಕಂಡರೆ ಸಾಮಾನ್ಯವಾಗಿ ಅದನ್ನು ಒತ್ತಿದವರು ಚಾನೆಲ್‌ನವರೇ. ಕ್ಲೇಮ್ ಬಿಡಿಸಿಕೊಳ್ಳಲು ಹಾಡನ್ನು ಮ್ಯೂಟ್ ಮಾಡುವ ಆಯ್ಕೆಯನ್ನು ಯೂಟ್ಯೂಬ್ ಕೊಡುತ್ತದೆ. ನಾಲ್ವರು ಗೆಳೆಯರು ಸೇರಿ ಒಂದು ಚಾನೆಲ್ ನಡೆಸುತ್ತಿದ್ದರೆ ಮೊದಲು ಉಳಿದ ಮೂವರನ್ನು ಕೇಳು. ಯಾರೂ ಒತ್ತಿಲ್ಲ, Restrictions ಕೂಡ ಖಾಲಿ ಎಂದಾದರೆ ಮತ್ತೆ ಮೂಲ ಫೈಲಿಗೇ ಹೋಗಿ ಹುಡುಕು.

ಇಷ್ಟು ಗುರುತು ಹಿಡಿದ ಮೇಲೆ ಅದು ನಿನಗೆ ಏನು ತಿಳಿಸುತ್ತಿದೆ ಎಂಬ ಪ್ರಶ್ನೆ ಬರುತ್ತದೆ.

ಅದು ತಿಳಿಸುವುದು ಒಂದು ಹೋಲಿಕೆಯನ್ನು. ಕಂಪನಿಗಳು ತಮ್ಮ ಧ್ವನಿಮುದ್ರಣಗಳನ್ನು ಈ ವ್ಯವಸ್ಥೆಗೆ ಕೊಟ್ಟಿರುತ್ತವೆ. ಯಂತ್ರ ಪ್ರತಿ ಮುದ್ರಣದ ಗುರುತೊಂದನ್ನು ಮಾಡಿ ಇಟ್ಟುಕೊಂಡಿರುತ್ತದೆ, ನ್ಯಾಯಬೆಲೆ ಅಂಗಡಿಯಲ್ಲಿ ಹೋಲಿಸುವುದಕ್ಕೆ ನಮ್ಮ ಹೆಬ್ಬೆರಳಿನ ಗುರುತು ಇಟ್ಟಿರುವ ಹಾಗೆ. ನಿನ್ನ ವಿಡಿಯೊದ ಧ್ವನಿಯನ್ನು ಅದರೊಂದಿಗೆ ಹೋಲಿಸಿ, "ಇಷ್ಟು ಭಾಗ ಆ ಮುದ್ರಣಕ್ಕೆ ಹೊಂದುತ್ತದೆ" ಎಂದು ಹೇಳುತ್ತದೆ. ಅದು ಹೇಳುವುದು ಅಷ್ಟೇ. ನೀನು ಕಳ್ಳ ಎಂದು ಯಾರೂ ತೀರ್ಮಾನಿಸಿಲ್ಲ, ಯಾವ ನ್ಯಾಯಾಧೀಶರೂ ನಿನ್ನ ವಿಡಿಯೊ ನೋಡಿಲ್ಲ. ಯೂಟ್ಯೂಬಿನ ಕಂಟೆಂಟ್ ಐಡಿ ಕ್ಲೇಮ್ ಎಂದರೆ ಸ್ಟ್ರೈಕ್ ಅಲ್ಲ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುವ ಭಯ ಇರುವುದು ಬೇರೆ ದಾರಿಯಲ್ಲಿ, ಹಾಡಿನ ಒಡೆಯರು ವಿಡಿಯೊ ತೆಗೆಯಿರಿ ಎಂದು ಕಾನೂನಿನ ಪ್ರಕಾರ ಕೇಳಿದಾಗ. ಈ ಎರಡನ್ನು ಒಂದೇ ಎಂದುಕೊಂಡು ಚಾನೆಲ್ ಮುಚ್ಚಿದ ಹುಡುಗರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಹಾಡಿನ ಹಕ್ಕಿನ ಮಾತು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಸಂಗವಿದೆ. ಕೆಜಿಎಫ್-2ರ ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ 2022ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಆ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟ್, ಆ ಹಾಡಿದ್ದ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಆ ಆದೇಶವನ್ನು ಬದಿಗಿಟ್ಟಿತು. ಅದು ಮೊಕದ್ದಮೆ. ನಿನ್ನ ಜಾತ್ರೆಯ ವಿಡಿಯೊದ ನಾಲ್ಕೂವರೆ ನಿಮಿಷ ಮ್ಯೂಟ್ ಆಗುವುದು ಅದಕ್ಕಿಂತ ಎಷ್ಟೋ ಕೆಳಗಿನ ಮೆಟ್ಟಿಲು. ಚಿತ್ರ ಉಳಿದಿದೆ, ಖಾತೆ ಉಳಿದಿದೆ, ಲಿಂಕ್ ಉಳಿದಿದೆ.

ನಾಲ್ಕೂವರೆ ನಿಮಿಷ ಎಂದದ್ದಕ್ಕೆ ಕಾರಣವಿದೆ. ಚಿತ್ತಾಪುರದ ಹತ್ತಿರದ ಒಂದು ಊರಿನ ಹುಡುಗ ಫೇಸ್‌ಬುಕ್ಕಿನಲ್ಲಿ ತೇರಿನ ಲೈವ್ ಮಾಡಿದ್ದ, 42 ನಿಮಿಷದ್ದು. 11 ನಿಮಿಷ 20 ಸೆಕೆಂಡಿಗೆ ಧ್ವನಿ ಹೋಗಿ 15 ನಿಮಿಷ 50ಕ್ಕೆ ಮರಳಿತ್ತು. ಮೂಲ ಫೈಲಿನಲ್ಲಿ ಸರಿಯಾಗಿ ಅಲ್ಲೇ ಲೌಡ್‌ಸ್ಪೀಕರಿನವರು ಪೆನ್‌ಡ್ರೈವಿನಿಂದ ಒಂದು ಭಕ್ತಿಗೀತೆ ಹಚ್ಚಿದ್ದರು. ಸೂಚನೆಯಲ್ಲಿದ್ದ ಹಾಡೂ ಅದೇ. ಆ ಹಾಡಿನ ಮೇಲೆಯೇ ಊರ ಹಿರಿಯರು ದಾಸೋಹಕ್ಕೆ ಜೋಳ, ಬೆಲ್ಲ ಕೊಟ್ಟವರ ಹೆಸರು ಕೂಗಿದ್ದರು. ಅದೂ ಹಾಡಿನೊಂದಿಗೇ ಹೋಗಿತ್ತು. ಹೆಸರು ಕೂಗಿಸಿಕೊಂಡವರ ಮನೆಯವರಿಗೆ ಬೇಕಾಗಿದ್ದದ್ದು ಅದೊಂದೇ ತುಣುಕು, ಹಾಡಲ್ಲ.

ಹುಡುಗನಿಗೆ ಬಂದ ಮೊದಲ ವಿಚಾರ ತಕರಾರು ಹಾಕುವುದು, "ದೇವರ ಹಾಡಿಗೆ ಯಾರ ಹಕ್ಕು?" ಎಂದು. ನಾವು ಇಬ್ಬರೂ ಕುಳಿತು ಸೂಚನೆಯನ್ನು ಓದಿದೆವು. ಹೊಂದಿದ್ದು ಒಂದು ಕಂಪನಿಯ ಧ್ವನಿಮುದ್ರಣಕ್ಕೆ, ಅದೂ ನಾಲ್ಕೂವರೆ ನಿಮಿಷ ಇಡೀ ಹಾಡು. ಇದರಲ್ಲಿ ಯಂತ್ರ ತಪ್ಪಿರಲಿಲ್ಲ, ಹಾಗಾಗಿ ತಕರಾರಿಗೆ ಜಾಗವೂ ಇರಲಿಲ್ಲ. ಅವನ ಗೆಳೆಯನೊಬ್ಬ ಅದೇ ಹೊತ್ತಿನಲ್ಲಿ ತೇರಿನ ಹಿಂದಿನಿಂದ, ಹಲಗಿಯವರ ಪಕ್ಕ ನಿಂತು ಹಿಡಿದ ವಿಡಿಯೊ ಇತ್ತು. ಅದರಲ್ಲಿ ಹಾಡು ಕೇಳುತ್ತಿರಲಿಲ್ಲ, ಹಲಗಿಯ ಸದ್ದೇ ತುಂಬಿತ್ತು. ಆ ಹಲಗಿಯ ಧ್ವನಿಯನ್ನು ಈ ನಾಲ್ಕೂವರೆ ನಿಮಿಷದ ಚಿತ್ರದ ಕೆಳಗೆ ಹಾಕಿ, ದಾಸೋಹದವರ ಹೆಸರನ್ನು ಪರದೆಯ ಮೇಲೆ ಬರೆದು, ಮೂಲ ಫೈಲಿನಿಂದ ಮತ್ತೆ ಅಪ್‌ಲೋಡ್ ಮಾಡಿದ. ಮುಂದಿನ ವರ್ಷದ ತೇರಿಗೆ ಅವನು ಕಮಿಟಿಯವರಿಗೆ ಕೇಳಿದ್ದು ಒಂದೇ ಮಾತು: ಹೆಸರು ಕೂಗುವಾಗ ಪೆನ್‌ಡ್ರೈವ್ ನಿಲ್ಲಿಸಿರಿ. ಅವರು ಒಪ್ಪಿದರು.

ಮೊದಲಿನ ವಿಡಿಯೊ ಹಾಗೇ ಇಟ್ಟುಕೊಂಡರೂ ತೊಂದರೆ ಇರಲಿಲ್ಲ. ಆದರೆ ಫೇಸ್‌ಬುಕ್ 2020ರಲ್ಲಿ ಹೊರಡಿಸಿದ ಸಂಗೀತದ ನಿಯಮಗಳ ತಿರುಳು ನಿನಗೆ ತಿಳಿದಿರಲಿ. ವಿಡಿಯೊದಲ್ಲಿ ಮುದ್ರಿತ ಹಾಡುಗಳು ಎಷ್ಟು ಹೆಚ್ಚೋ, ಎಷ್ಟು ಪೂರ್ತಿಯೋ, ಅಷ್ಟು ತಡೆ ಬೀಳುವ ಸಾಧ್ಯತೆ ಹೆಚ್ಚು. ಹಾಡೇ ವಿಡಿಯೊದ ಮುಖ್ಯ ವಿಷಯವಾಗಬಾರದು. ಎದುರಿಗೆ ಕಲಾವಿದರು ತಾವೇ ನುಡಿಸಿ ಹಾಡುವುದಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ. ಹಲಗಿ, ಡೊಳ್ಳು, ಭಜನೆ ಮೇಳ ಇರುವ ನಮ್ಮ ಜಾತ್ರೆಗಳಿಗೆ ಇದು ಅನುಕೂಲವೇ. ನಡುವೆ ಬಂದು ಕೆಡಿಸುವುದು ಲೌಡ್‌ಸ್ಪೀಕರ್ ಒಂದೇ.

ಸೂಚನೆಯಲ್ಲಿ ಎಷ್ಟು ದೇಶಗಳಲ್ಲಿ ಮ್ಯೂಟ್ ಎಂಬುದೂ ಇರಬಹುದು. ಅದನ್ನು ಕಡೆಗಣಿಸಬೇಡ. ಹಾಡಿನ ಹಕ್ಕು ದೇಶಕ್ಕೊಬ್ಬರ ಕೈಯಲ್ಲಿ ಇರಬಹುದಾದ್ದರಿಂದ ನಿನ್ನ ಮೊಬೈಲಿನಲ್ಲಿ ಸರಿಯಾಗಿ ಕೇಳುವ ವಿಡಿಯೊ ದುಬೈಯಲ್ಲಿರುವ ನಿನ್ನ ಮಾಮಾಗೆ ಕೇಳದೆ ಹೋಗಬಹುದು, ಇದರ ಉಲ್ಟಾ ಕೂಡ ಆಗಬಹುದು. ಅವರು "ಧ್ವನಿ ಬರ್ಲಿಕ್ಕತ್ತಿಲ್ಲ" ಎಂದರೆ ಅವರ ಮೊಬೈಲನ್ನು ಬಯ್ಯುವ ಮೊದಲು ಈ ಸೂಚನೆ ನೋಡು.

ಶಹಾಬಾದಿನಲ್ಲಿ ಪರಸಿ ಕಲ್ಲಿನ ವ್ಯಾಪಾರದವರ ಮಕ್ಕಳು ಕೇಳುವುದು ಬೇರೆ ಥರದ ಪ್ರಶ್ನೆ. ಒಂದೇ ಸಿನಿಮಾ ಹಾಡು, ಗೆಳೆಯನ ರೀಲ್‌ನಲ್ಲಿ ಕೇಳುತ್ತದೆ, ಅಂಗಡಿಯ ರೀಲ್‌ನಲ್ಲಿ ಧ್ವನಿ ಹೋಗಿದೆ. ಇಲ್ಲಿ ಮ್ಯೂಟ್ ಹೇಳುತ್ತಿರುವುದು ಖಾತೆಯ ಜಾತಿಯನ್ನು. ಇನ್‌ಸ್ಟಾಗ್ರಾಂ ಹಾಡಿನ ಕಂಪನಿಗಳೊಂದಿಗೆ ಮಾಡಿಕೊಂಡ ಒಪ್ಪಂದ ಮಂದಿ ತಮ್ಮ ಸಂತೋಷಕ್ಕೆ ಬಳಸುವುದಕ್ಕಾಗಿ. ವ್ಯಾಪಾರದ ಖಾತೆಯಿಂದ ಕಲ್ಲು ಮಾರಲು ಅದೇ ಹಾಡು ಬಳಸಿದರೆ ಅದು ಜಾಹೀರಾತು, ಅದಕ್ಕೆ ಬೇರೆ ಅನುಮತಿ ಬೇಕು. ಅಂಥವರಿಗಾಗಿ Meta Sound Collection ಎಂಬ ಸಂಗ್ರಹ ಇದೆ, ಯೂಟ್ಯೂಬಿನಲ್ಲಿ Audio Library ಇದೆ. ಸಿನಿಮಾ ಹಾಡಿನ ಸೊಗಸು ಅದಕ್ಕೆ ಇಲ್ಲ ಎನ್ನುವುದು ನಿಜ. ಕಲ್ಲು ಕೊರೆಯುವ ಯಂತ್ರದ, ಲಾರಿಗೆ ಪರಸಿ ಏರಿಸುವ ಸದ್ದನ್ನೇ ಉಳಿಸಿ ಮೇಲೆ ನಿನ್ನ ಮಾತು ಹಾಕು, ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ವರ್ಷದ ಹಿಂದೆ ಹಾಕಿದ ವಿಡಿಯೊ ಈಗ ಮ್ಯೂಟ್ ಆದರೆ ಅದರ ಅರ್ಥ ಮತ್ತೊಂದು. ನೀನು ಏನೂ ಮಾಡಿಲ್ಲ, ನಿನ್ನ ಹಿಂದೆ ಏನೋ ಬದಲಾಗಿದೆ. ಕಂಪನಿ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಈಚೆಗೆ ವ್ಯವಸ್ಥೆಗೆ ಸೇರಿಸಿರಬಹುದು, ಇಲ್ಲವೆ ಒಪ್ಪಂದ ಮುಗಿದಿರಬಹುದು. 2024ರ ಫೆಬ್ರುವರಿಯಲ್ಲಿ ಯೂನಿವರ್ಸಲ್ ಮ್ಯೂಸಿಕ್ ಕಂಪನಿಗೂ ಟಿಕ್‌ಟಾಕಿಗೂ ಇದ್ದ ಒಪ್ಪಂದ ಮುಗಿದು ಲೆಕ್ಕವಿಲ್ಲದಷ್ಟು ಹಳೆಯ ವಿಡಿಯೊಗಳ ಧ್ವನಿ ಹೋಯಿತು. ಮೇ ತಿಂಗಳಲ್ಲಿ ಹೊಸ ಒಪ್ಪಂದವಾಯಿತು. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್‌ನಿಂದ ಇಲ್ಲ, ಆದರೆ ಹಾಡಿನ ಲೈಬ್ರರಿ ಇರುವ ಕಡೆಯೆಲ್ಲ ಹೀಗಾಗಬಹುದು. ಇಂಥ ಕಡೆ ತಕರಾರು ಹಾಕಿ ಪ್ರಯೋಜನವಿಲ್ಲ, ಜಗಳ ನಿನ್ನದಲ್ಲ.

ತಕರಾರು ಹಾಕಲೇಬೇಕಾದದ್ದು ಯಾವಾಗ? ನಿಮ್ಮ ಊರ ಭಜನೆ ಮೇಳದವರು ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದವನ್ನೋ ಬಸವಣ್ಣನವರ ವಚನವನ್ನೋ ತಾವೇ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡಿದ್ದಾರೆ, ಆದರೂ ಕ್ಲೇಮ್ ಬಂದಿದೆ ಎಂದಿಟ್ಟುಕೊ. ಕೃತಿಕಾರ ತೀರಿಕೊಂಡು 60 ವರ್ಷ ಕಳೆದ ಮೇಲೆ ನಮ್ಮ ಕಾನೂನಿನಲ್ಲಿ ಪದದ ಮೇಲಿನ ಹಕ್ಕು ಮುಗಿಯುತ್ತದೆ. ಶರೀಫರು 1889ರಲ್ಲಿ ಹೋದವರು, ಬಸವಣ್ಣನವರ ಮಾತೇ ಬೇಡ. ಆದರೆ ಅದೇ ಪದವನ್ನು ಈಚಿನ ಗಾಯಕರೊಬ್ಬರು ಹಾಡಿ ಕಂಪನಿ ಹೊರತಂದ ಮುದ್ರಣಕ್ಕೆ ಬೇರೆ ಹಕ್ಕು ಇದೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹೊಸದಾಗಿ ಕಟ್ಟಿದ ರಾಗಕ್ಕೂ ಕಟ್ಟಿದವರ ಹಕ್ಕು ಇರುತ್ತದೆ. ಹಾಗಾಗಿ ಎದೆ ಮುಟ್ಟಿ ಕೇಳಿಕೊ. ಹಾಡಿದ್ದು ನಮ್ಮವರೇ? ಹಿಂದೆ ಕ್ಯಾಸೆಟ್ ನಡೆದಿರಲಿಲ್ಲವೇ? ಧಾಟಿ ಹಿರಿಯರಿಂದ ಬಂದದ್ದೇ, ಸಿನಿಮಾದ್ದಲ್ಲವೇ? ಮೂರಕ್ಕೂ ಹೌದು ಎಂದಾದರೆ ಯೂಟ್ಯೂಬಿನಲ್ಲಿ Dispute ಒತ್ತು. ಕಾರಣ ಕೇಳಿದಾಗ ಪದವೂ ಧಾಟಿಯೂ ಹಳೆಯವಾದರೆ Public domain ಆರಿಸಿ, ಹಾಡಿದವರು ಯಾರು, ಎಲ್ಲಿ, ಯಾವಾಗ ಎಂದು ಎರಡು ಸಾಲು ಬರೆ. ಉತ್ತರ ಕೊಡಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ. ಅವರು ಒಪ್ಪದಿದ್ದರೆ ಅಪೀಲು ಮಾಡಬಹುದು. ಆಗ ಅವರಿಗೆ 7 ದಿನ. ಆದರೆ ಅಪೀಲಿನ ಮೇಲೂ ಅವರು ಪಟ್ಟು ಹಿಡಿದು ತೆಗೆಯಿರಿ ಎಂದು ಕೇಳಿದರೆ ಸ್ಟ್ರೈಕ್ ಬೀಳಬಹುದು. ಅಲ್ಲಿಯವರೆಗೆ ಹೋಗುವ ಮೊದಲು ನಿನ್ನ ಹೇಳಿಕೆ ನೂರಕ್ಕೆ ನೂರು ಸರಿ ಇರಬೇಕು.

ಮದುವೆಯ ವಿಡಿಯೊ ಮಾಡುವವರು ಇನ್ನೊಂದು ವಾದ ಹಿಡಿದು ಬರುತ್ತಾರೆ. ಕೃತಿಸ್ವಾಮ್ಯ ಕಾಯ್ದೆ 1957ರ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ, ಮದುವೆ ಮೆರವಣಿಗೆಗೆ, ಮದುವೆಯ ಸಂಭ್ರಮಕ್ಕೆ ಹಾಡು ಹಚ್ಚಿದರೆ ಉಲ್ಲಂಘನೆಯಲ್ಲ ಎಂಬ ವಿನಾಯಿತಿ ಇದೆ, 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ನೆನಪಿಸಿ ಸೂಚನೆಯನ್ನೂ ಹೊರಡಿಸಿದೆ. ನಿಜ. ಆದರೆ ಅದು ಮದುವೆ ಮಂಟಪದಲ್ಲಿ ಹಾಡು ಹಚ್ಚುವುದಕ್ಕೆ. ಆ ವಿಡಿಯೊವನ್ನು ಲೋಕಕ್ಕೆಲ್ಲ ಕಾಣುವಂತೆ ಹಾಕುವುದು ಬೇರೆ ಕೆಲಸ, ಅದನ್ನು ಆ ಕಲಂ ಬಿಡಿಸಿ ಹೇಳಿಲ್ಲ. ಯಂತ್ರಕ್ಕಂತೂ ಬಾಸಿಂಗವೂ ಗೊತ್ತಿಲ್ಲ, ಅಕ್ಷತೆಯೂ ಗೊತ್ತಿಲ್ಲ. ಈ ಕಲಮನ್ನು ನಂಬಿ ತಕರಾರು ಹಾಕಬೇಡ. ಮನೆಯವರಿಗೆ ಹಾಡು ಇರುವ ಪೂರ್ತಿ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ಕೊಡು, ಹೊರಗೆ ಹಾಕುವುದಕ್ಕೆ ಹಾಡಿಲ್ಲದ ಇನ್ನೊಂದು ಪ್ರತಿ ಮಾಡು.

ಯೂಟ್ಯೂಬಿನಲ್ಲಿ ನೀನೇ ಮ್ಯೂಟ್ ಮಾಡಿ ಕ್ಲೇಮ್ ಬಿಡಿಸಿಕೊಳ್ಳುವೆಯಾದರೆ ಎರಡು ಆಯ್ಕೆ ಸಿಗಬಹುದು. ಒಂದು ಹಾಡನ್ನಷ್ಟೇ ಅಳಿಸಿ ಮಾತನ್ನು ಉಳಿಸಲು ನೋಡುತ್ತದೆ, ಇನ್ನೊಂದು ಆ ಹೊತ್ತಿನ ಎಲ್ಲ ಧ್ವನಿಯನ್ನೂ ತೆಗೆಯುತ್ತದೆ. ಮಾತು ಸ್ಪಷ್ಟವಾಗಿದ್ದು ಹಾಡು ಹಿಂದೆ ಸಣ್ಣಗೆ ಇದ್ದರೆ ಮೊದಲನೆಯದನ್ನು ಮಾಡಿ ನೋಡು. ಲೌಡ್‌ಸ್ಪೀಕರಿನ ಹಾಡು ಮಾತಿಗಿಂತ ಜೋರಾಗಿದ್ದರೆ ಹಾಡು ಪೂರ್ತಿ ಅಳಿಯದೆ ಕ್ಲೇಮ್ ಉಳಿದುಬಿಡಬಹುದು. ಎಡಿಟ್ ಮುಗಿಯಲು ಹೊತ್ತು ಹಿಡಿಯುತ್ತದೆ, ಉದ್ದದ ವಿಡಿಯೊಕ್ಕೆ ಇನ್ನೂ ಹೆಚ್ಚು, ಅಲ್ಲಿಯವರೆಗೆ ನೋಡುವವರಿಗೆ ಹಳೆಯದೇ ಕಾಣುತ್ತದೆ. ಆರು ಗಂಟೆಗಿಂತ ಉದ್ದದ ಲೈವ್‌ಗೆ ಈ ಎಡಿಟ್ ಸೌಲಭ್ಯವೇ ಇಲ್ಲ. ಇಡೀ ರಾತ್ರಿಯ ಭಜನೆ ಲೈವ್ ಮಾಡುವವರು ಮೂರು ಮೂರು ಗಂಟೆಗೆ ನಿಲ್ಲಿಸಿ ಹೊಸದಾಗಿ ಶುರು ಮಾಡಿದರೆ ಒಂದು ಹಾಡಿನ ಸಲುವಾಗಿ ಇಡೀ ರಾತ್ರಿ ಸಿಕ್ಕಿಬೀಳುವುದಿಲ್ಲ.

ಇವೆಲ್ಲಕ್ಕೂ ಬೇಕಾದದ್ದು ಮೂಲ ಫೈಲ್. ಮ್ಯೂಟ್ ಆಗಿರುವುದು ಅವರ ಸರ್ವರಿನಲ್ಲಿರುವ ಪ್ರತಿ ಮಾತ್ರ. ಲೈವ್ ಮಾಡುವಾಗ ನಿನ್ನ ಮೊಬೈಲಿನಲ್ಲಿ ಪ್ರತಿ ಉಳಿಯದೇ ಇರಬಹುದು, ಆದ್ದರಿಂದ ಇನ್ನೊಂದು ಮೊಬೈಲಿನಲ್ಲಿ ಅದೇ ತೇರನ್ನು ಬೇರೆಯಾಗಿ ಹಿಡಿಸು, ಹಾಡಿನ ಡಬ್ಬಿಯಿಂದ ದೂರ, ಹಲಗಿಯವರ ಹತ್ತಿರ. ಆ ಫೈಲಿಗೆ ಊರಿನ ಹೆಸರು, ತಾರೀಕು ಹಾಕಿ ಹಾರ್ಡ್‌ಡಿಸ್ಕಿನಲ್ಲಿ ಇಡು.